ಮೂವತ್ತು ಪಾಠ, ನೂರಮೂವತ್ತು ಪೀರಿಯಡ್: ಹತ್ತನೇ ತರಗತಿಯ ಸಮಾಜ ವಿಜ್ಞಾನದ ಲೆಕ್ಕ

2025–26ನೇ ಸಾಲಿನಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆ ಒಂದು ಹೊಸ ಆದೇಶ ಬಂತು. ಪ್ರತಿ ಪಾಠ ಮುಗಿದ ಕೂಡಲೇ ಮಕ್ಕಳಿಗೆ ಕಿರುಪರೀಕ್ಷೆ ನಡೆಸಬೇಕು, ಅಂಕಗಳನ್ನು ದಾಖಲಿಸಬೇಕು, ಹಿಂದುಳಿದವರಿಗೆ ಪರಿಹಾರ ಬೋಧನೆ ಮಾಡಬೇಕು ಎಂಬುದು ಅದರ ಸಾರ. ‘ಪಾಠ ಆಧಾರಿತ ಮೌಲ್ಯಾಂಕನ’ ಎಂಬ ಹೆಸರಿನ ಈ ವ್ಯವಸ್ಥೆಯನ್ನು ಶಿಕ್ಷಕರು ಎಲ್‌ಬಿಎ ಎಂದು ಕರೆಯುತ್ತಾರೆ. ಅದಕ್ಕೆ ಬೇಕಾದ ಪ್ರಶ್ನೆಕೋಠಿಯನ್ನು ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ ಸಿದ್ಧಪಡಿಸಿತು. ಶಿಕ್ಷಕರ ಸಂಘಟನೆಗಳಿಂದ ವಿರೋಧ ಬಂತು. ಅದೇ ವರ್ಷ ಎಸ್‌ಎಸ್‌ಎಲ್‌ಸಿ ಉತ್ತೀರ್ಣತೆಯ ಮಿತಿಯನ್ನು ಶೇ 33ಕ್ಕೆ ಇಳಿಸುವ ತೀರ್ಮಾನವೂ ಹೊರಬಿತ್ತು. ಅದಕ್ಕೂ ಮೊದಲೇ, 2023–24ರಲ್ಲಿ, ಒಂದೇ ವರ್ಷದಲ್ಲಿ ಪರೀಕ್ಷೆ–1, 2 ಮತ್ತು 3 ಎಂಬ ಮೂರು ಅವಕಾಶಗಳ ಪದ್ಧತಿ ಜಾರಿಗೆ ಬಂದಿತ್ತು.

ಈ ಸುದ್ದಿಗಳನ್ನು ಬಿಡಿಬಿಡಿಯಾಗಿ ಓದಿದ ಪೋಷಕರಿಗೆ ಗೊಂದಲವಾಗುವುದು ಸಹಜ. ಪರೀಕ್ಷೆ ಸುಲಭವಾಗುತ್ತಿದೆಯೋ, ಹೆಚ್ಚಾಗುತ್ತಿದೆಯೋ? ವರ್ಷವಿಡೀ ಪರೀಕ್ಷೆ ಬರೆಯುವ ಮಗು ಕಲಿಯುವುದು ಯಾವಾಗ? ಎಲ್ಲ ವಿಷಯಗಳಿಗೂ ಈ ಪ್ರಶ್ನೆ ಅನ್ವಯಿಸುತ್ತದೆ, ಆದರೆ ಸಮಾಜ ವಿಜ್ಞಾನದಲ್ಲಿ ಇದರ ಬಿಸಿ ಉಳಿದೆಲ್ಲಕ್ಕಿಂತ ಹೆಚ್ಚು. ಅದಕ್ಕೆ ಕಾರಣ ಆ ಪುಸ್ತಕದ ರಚನೆಯಲ್ಲೇ ಇದೆ.

ಒಂದು ವರ್ಷ, ಹಲವು ಅಳತೆಗೋಲು

ಹತ್ತನೇ ತರಗತಿಯ ವಿದ್ಯಾರ್ಥಿ ಸಮಾಜ ವಿಜ್ಞಾನದಲ್ಲಿ ಒಂದು ವರ್ಷದಲ್ಲಿ ಎದುರಿಸುವ ಪರೀಕ್ಷೆಗಳನ್ನು ಒಮ್ಮೆ ಸಾಲಾಗಿ ಜೋಡಿಸಿ ನೋಡಬೇಕು. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದ ಅಡಿಯಲ್ಲಿ ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳಿವೆ. ಅವುಗಳಲ್ಲಿ ಚಟುವಟಿಕೆಯೂ ಇರುತ್ತದೆ, ಕಿರುಪರೀಕ್ಷೆಯೂ ಇರುತ್ತದೆ. ಆ ನಾಲ್ಕರ ಅಂಕಗಳನ್ನು ಕೂಡಿಸಿ 20ಕ್ಕೆ ಇಳಿಸಿದರೆ ಆಂತರಿಕ ಅಂಕ ಸಿಗುತ್ತದೆ. ದಸರಾ ರಜೆಗೆ ಮುನ್ನ ಅರ್ಧವಾರ್ಷಿಕ ಪರೀಕ್ಷೆ. ಜನವರಿಯಿಂದ ಪೂರ್ವಸಿದ್ಧತಾ ಪರೀಕ್ಷೆಗಳು. ಕೊನೆಗೆ ಮಂಡಳಿಯ 80 ಅಂಕಗಳ ಲಿಖಿತ ಪರೀಕ್ಷೆ. ಇವೆಲ್ಲದರ ನಡುವೆ ಈಗ ಪಾಠಕ್ಕೊಂದು ಪರೀಕ್ಷೆ ಬಂದಿದೆ.

ಇವುಗಳಲ್ಲಿ ಪ್ರತಿಯೊಂದೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಉದ್ದೇಶದಿಂದ ಬಂದದ್ದು. ಯಾವುದನ್ನು ಯಾವುದರಿಂದ ಅಳೆಯಬೇಕು ಎಂದು ಎಲ್ಲವನ್ನೂ ಒಟ್ಟಿಗಿಟ್ಟು ಯೋಚಿಸಿದ ದಾಖಲೆಯೊಂದು ಶಿಕ್ಷಕರ ಕೈಯಲ್ಲಿಲ್ಲ. ಅವರ ಕೈಯಲ್ಲಿರುವುದು ವಾರ್ಷಿಕ ಪಾಠ ಹಂಚಿಕೆ. ಯಾವ ತಿಂಗಳಲ್ಲಿ ಯಾವ ಪಾಠ ಮುಗಿಯಬೇಕು ಎಂಬುದನ್ನು ಅದು ಹೇಳುತ್ತದೆ. ಆ ಪಾಠದಿಂದ ಮಗುವಿಗೆ ಏನು ಮಾಡಲು ಬರಬೇಕು, ಅದು ಬಂದಿದೆ ಎಂದು ತಿಳಿಯುವುದು ಹೇಗೆ ಎಂಬುದನ್ನು ಹೇಳುವುದಿಲ್ಲ.

ಇಲಾಖೆಯ ವಾದ, ಶಿಕ್ಷಕರ ವಾದ

ಇಲಾಖೆಯ ನಿಲುವಿನಲ್ಲಿ ತಿರುಳಿದೆ. ವೆಬ್‌ಕಾಸ್ಟಿಂಗ್ ಕಣ್ಗಾವಲಿನಲ್ಲಿ ಪರೀಕ್ಷೆ ನಡೆಯಲು ಶುರುವಾದ ಮೇಲೆ ಎಸ್‌ಎಸ್‌ಎಲ್‌ಸಿ ಫಲಿತಾಂಶ ಕುಸಿಯಿತು. 2023ರಲ್ಲಿ ಶೇ 83.89 ಇದ್ದ ಉತ್ತೀರ್ಣತೆ, 2025ರ ಪರೀಕ್ಷೆ–1ರಲ್ಲಿ ಶೇ 66.14ಕ್ಕೆ ಬಂತು. ಮಗು ಎಲ್ಲಿ ಎಡವುತ್ತಿದೆ ಎಂಬುದು ಮಾರ್ಚ್‌ನಲ್ಲಿ ಗೊತ್ತಾದರೆ ಪ್ರಯೋಜನವಿಲ್ಲ, ಜೂನ್–ಜುಲೈನಲ್ಲೇ ಗೊತ್ತಾಗಬೇಕು ಎಂಬ ತರ್ಕವನ್ನು ಯಾರೂ ಅಲ್ಲಗಳೆಯಲಾರರು.

ಶಿಕ್ಷಕರ ಆಕ್ಷೇಪವೂ ಸೋಮಾರಿತನದ್ದಲ್ಲ. ಪ್ರಶ್ನೆಪತ್ರಿಕೆ ಬರೆಸುವುದು, ತಿದ್ದುವುದು, ಅಂಕಗಳನ್ನು ಪುಸ್ತಕಕ್ಕೂ ತಂತ್ರಾಂಶಕ್ಕೂ ಏರಿಸುವುದು, ಈ ಮೂರೂ ಕೆಲಸಗಳು ಪಾಠದ ಸಮಯವನ್ನೇ ತಿನ್ನುತ್ತವೆ. ದಾಖಲೆ ಮುಗಿಸುವ ಹೊತ್ತಿಗೆ ಪರಿಹಾರ ಬೋಧನೆಗೆ ಸಮಯವೇ ಉಳಿಯುವುದಿಲ್ಲ, ಆದರೆ ಇಡೀ ಯೋಜನೆಯ ಉದ್ದೇಶವೇ ಪರಿಹಾರ ಬೋಧನೆ ಎಂಬುದು ಅವರ ಮಾತು.

ಈ ಎರಡು ವಾದಗಳ ನಡುವೆ ಅಷ್ಟಾಗಿ ಚರ್ಚೆಗೆ ಬಾರದ ಮೂರನೆಯ ಸಂಗತಿಯೊಂದಿದೆ. ಪ್ರಶ್ನೆಕೋಠಿ ಮೊದಲೇ ಎಲ್ಲರಿಗೂ ಸಿಗುತ್ತದೆ. ಸಿಕ್ಕ ಮೇಲೆ ಪಾಠ ಆ ಪ್ರಶ್ನೆಗಳ ಸುತ್ತಲೇ ಗಿರಕಿ ಹೊಡೆಯತೊಡಗುತ್ತದೆ. ‘ಪಾಸಿಂಗ್ ಪ್ಯಾಕೇಜ್’ ಎಂಬ ಹೆಸರಿನಲ್ಲಿ ಫೆಬ್ರುವರಿಯಲ್ಲಿ ನಡೆಯುತ್ತಿದ್ದ ಉರುಹೊಡೆಸುವಿಕೆ ಆಗ ಜೂನ್‌ನಿಂದಲೇ ಶುರುವಾಗುವ ಅಪಾಯವಿದೆ. ಹಾಗಾದರೆ ಪಾಠ ಪರೀಕ್ಷೆಯ ಅಂಕ ಏರುತ್ತದೆ, ಕಲಿಕೆ ಇದ್ದಲ್ಲೇ ಇರುತ್ತದೆ.

ಪೀರಿಯಡ್‌ಗಳ ಲೆಕ್ಕ

ಈಗ ಸಮಾಜ ವಿಜ್ಞಾನಕ್ಕೆ ಬರೋಣ. ರಾಜ್ಯ ಪಠ್ಯಕ್ರಮದ ಹತ್ತನೇ ತರಗತಿಯ ಪುಸ್ತಕ ಎರಡು ಭಾಗಗಳಲ್ಲಿದೆ. ಅದರೊಳಗೆ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ ಮತ್ತು ವ್ಯವಹಾರ ಅಧ್ಯಯನ ಎಂಬ ಆರು ವಿಭಾಗಗಳಿವೆ. ಒಟ್ಟು ಪಾಠಗಳು ಮೂವತ್ತಕ್ಕೂ ಹೆಚ್ಚು. ಗಣಿತದ ಪಾಠಗಳ ಸಂಖ್ಯೆ ಇದರ ಅರ್ಧದ ಆಸುಪಾಸಿನಲ್ಲಿದೆ. ‘ಪಾಠಕ್ಕೊಂದು ಪರೀಕ್ಷೆ’ ಎಂಬ ಒಂದೇ ಆದೇಶ ಎರಡು ವಿಷಯಗಳ ಮೇಲೆ ಒಂದೇ ತೂಕದಲ್ಲಿ ಬೀಳುವುದಿಲ್ಲ ಎಂಬುದು ಇಷ್ಟರಲ್ಲೇ ಕಾಣುತ್ತದೆ.

ಸಮಾಜ ವಿಜ್ಞಾನಕ್ಕೆ ವಾರಕ್ಕೆ ಆರು ಪೀರಿಯಡ್ ಸಿಗುವ ಒಂದು ಶಾಲೆಯನ್ನು ತೆಗೆದುಕೊಳ್ಳೋಣ. ಜೂನ್ ಆರಂಭದಿಂದ ಸೆಪ್ಟೆಂಬರ್ 19ರವರೆಗೆ 16 ವಾರ, ಅಂದರೆ 96 ಪೀರಿಯಡ್. ಹಬ್ಬದ ರಜೆ, ಎರಡು ರೂಪಣಾತ್ಮಕ ಪರೀಕ್ಷೆ, ಅರ್ಧವಾರ್ಷಿಕ ಪರೀಕ್ಷೆಯ ವಾರ, ಕ್ರೀಡಾಕೂಟ, ಪ್ರತಿಭಾ ಕಾರಂಜಿ ಇವನ್ನು ಕಳೆದರೆ 78ರಷ್ಟು ಉಳಿದಾವು. ಎರಡನೇ ಅವಧಿ ಅಕ್ಟೋಬರ್ 8ಕ್ಕೆ ಶುರುವಾಗಬೇಕಿತ್ತು. ಜನವರಿಯ ಆರಂಭದಲ್ಲೇ ಪೂರ್ವಸಿದ್ಧತಾ ಪರೀಕ್ಷೆ ಬರುವುದರಿಂದ ಹೊಸ ಪಾಠಕ್ಕೆ ಸಿಗುವುದು ಹನ್ನೆರಡೂವರೆ ವಾರ, 75 ಪೀರಿಯಡ್. ಆದರೆ 2025ರಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನೇ ಗಣತಿದಾರರನ್ನಾಗಿ ನೇಮಿಸಿದ್ದರಿಂದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆ ಅಕ್ಟೋಬರ್ 18ರವರೆಗೆ ಹಿಗ್ಗಿತು. ಹತ್ತು ಕೆಲಸದ ದಿನಗಳು ಅಲ್ಲಿಗೆ ಹೋದವು. ದೀಪಾವಳಿ, ರಾಜ್ಯೋತ್ಸವ, ಕನಕ ಜಯಂತಿ, ಕ್ರಿಸ್‌ಮಸ್ ಮತ್ತು ಮೂರನೇ ರೂಪಣಾತ್ಮಕ ಪರೀಕ್ಷೆಯನ್ನೂ ಕಳೆದರೆ ಉಳಿಯುವುದು ಹೆಚ್ಚೆಂದರೆ 53.

ಎರಡೂ ಸೇರಿ ಸುಮಾರು 130 ಪೀರಿಯಡ್. ಪಾಠಗಳು ಮೂವತ್ತೇ ಎಂದು ಹಿಡಿದರೂ ಒಂದಕ್ಕೆ ನಾಲ್ಕು ಪೀರಿಯಡ್‌ಗಿಂತ ಸ್ವಲ್ಪ ಹೆಚ್ಚು ಸಿಗುತ್ತದೆ. ಪ್ರತಿ ಪಾಠಕ್ಕೂ ಒಂದು ಪೀರಿಯಡ್ ಪರೀಕ್ಷೆಗೆ ಹೋದರೆ 130ರಲ್ಲಿ 30 ಹೋಯಿತು. ತಿದ್ದಿದ ಉತ್ತರ ಪತ್ರಿಕೆಯನ್ನು ಕೊಟ್ಟು, ತಪ್ಪೇನೆಂದು ಅರ್ಧ ಪೀರಿಯಡ್ ಮಾತಾಡಿದರೆ 45 ಹೋಯಿತು. ಅಂದರೆ ವರ್ಷದ ಬೋಧನೆಯ ಮೂರನೇ ಒಂದು ಪಾಲು. ಇದು ಒಂದು ಮಾದರಿ ಶಾಲೆಯ ಅಂದಾಜು. ನಿಜವಾದ ಶಾಲೆಗಳಲ್ಲಿ ಸಂಖ್ಯೆ ಐದತ್ತು ಹೆಚ್ಚುಕಡಿಮೆ ಆದೀತು, ಪ್ರಮಾಣ ಹೆಚ್ಚೇನೂ ಬದಲಾಗದು.

ಈ ಲೆಕ್ಕದ ಪರಿಣಾಮ ತರಗತಿಯಲ್ಲಿ ಹೇಗೆ ಕಾಣುತ್ತದೆ ಎಂದರೆ, ಸಮಯ ಸಾಲದ ಶಿಕ್ಷಕರು ಮೊದಲು ಕೈಬಿಡುವುದು ಚರ್ಚೆಯನ್ನು. ಆಮೇಲೆ ನಕ್ಷೆ ಕೆಲಸವನ್ನು. ಕೊನೆಗೆ ಉಳಿಯುವುದು ಟಿಪ್ಪಣಿ ಬರೆಸುವುದು.

ಪಠ್ಯಕ್ರಮ ನಕ್ಷೆ ಎಂದರೆ

ಇಲ್ಲಿಗೆ ಸಂಬಂಧಪಟ್ಟ ಒಂದು ಹಳೆಯ ವಿಚಾರವಿದೆ. ಅಮೆರಿಕದ ಶಿಕ್ಷಣತಜ್ಞ ಫೆನ್ವಿಕ್ ಇಂಗ್ಲಿಷ್ 1980ರ ಸುಮಾರಿಗೆ ಪಠ್ಯಕ್ರಮ ನಕ್ಷೆ ಎಂಬ ಕಲ್ಪನೆಯನ್ನು ಮುಂದಿಟ್ಟರು. ಪುಸ್ತಕದಲ್ಲಿ ಬರೆದಿರುವ ಪಠ್ಯಕ್ರಮ ಒಂದು, ತರಗತಿಯಲ್ಲಿ ನಡೆಯುವ ಪಠ್ಯಕ್ರಮ ಇನ್ನೊಂದು, ಪರೀಕ್ಷೆಯಲ್ಲಿ ಕೇಳುವ ಪಠ್ಯಕ್ರಮ ಮತ್ತೊಂದು. ಈ ಮೂರೂ ಎಲ್ಲಿ ಕೂಡುತ್ತವೆ, ಎಲ್ಲಿ ಕವಲೊಡೆಯುತ್ತವೆ ಎಂದು ಗುರುತು ಹಾಕಿ ನೋಡುವುದೇ ನಕ್ಷೆ.

ಕಾಗದದ ಮೇಲೆ ಅದು ಬಹಳ ಸರಳ. ಒಂದು ದೊಡ್ಡ ಹಾಳೆಯಲ್ಲಿ ಎಡಕ್ಕೆ ಪಾಠಗಳು, ತಿಂಗಳ ಕ್ರಮದಲ್ಲಿ. ಪಕ್ಕದ ಕಾಲಂನಲ್ಲಿ ಆ ಪಾಠದಿಂದ ಮಗು ಏನು ಮಾಡಲು ಕಲಿಯಬೇಕು ಎಂಬುದು, ಒಂದೇ ವಾಕ್ಯದಲ್ಲಿ, ಕ್ರಿಯಾಪದದೊಂದಿಗೆ: ಹೋಲಿಸುವುದು, ಕಾರಣ ಕೊಡುವುದು, ಅಂಕಿ ಅಂಶ ಓದಿ ಅರ್ಥ ಹೇಳುವುದು, ನಕ್ಷೆಯಲ್ಲಿ ಗುರುತಿಸುವುದು. ಮೂರನೆಯ ಕಾಲಂನಲ್ಲಿ ಅದನ್ನು ಅಳೆದ ಪ್ರಶ್ನೆ ಅಥವಾ ಚಟುವಟಿಕೆ ಮತ್ತು ಅಳೆದ ತಿಂಗಳು. ನಾಲ್ಕನೆಯದು ಸಿಕ್ಕ ಪೀರಿಯಡ್. ಖಾಲಿ ಬಿದ್ದ ಕೋಣೆಗಳೇ ಈ ಹಾಳೆಯ ಫಲ. ಸಾಮರ್ಥ್ಯ ಬರೆದಿದ್ದು ಅದರ ಎದುರು ಯಾವ ಪ್ರಶ್ನೆಯೂ ಇಲ್ಲದಿದ್ದರೆ ಅದು ಕಲಿಸಿ ಅಳೆಯದೆ ಬಿಟ್ಟದ್ದು. ಒಂದೇ ಸಾಮರ್ಥ್ಯದ ಎದುರು ಹತ್ತು ಪ್ರಶ್ನೆಗಳಿದ್ದರೆ, ಒಂಬತ್ತು ವ್ಯರ್ಥ.

ಎರಡನೇ ಕಾಲಂ ತುಂಬುವುದೇ ಎಲ್ಲಕ್ಕಿಂತ ಕಷ್ಟ. ಅದಕ್ಕೆ ನಮ್ಮ ರಾಜ್ಯದಲ್ಲಿ ಒಂದು ವಿಶೇಷ ಕಾರಣವಿದೆ. ಪ್ರೌಢಶಾಲೆಯ ಗಣಿತ ಮತ್ತು ವಿಜ್ಞಾನ ಪುಸ್ತಕಗಳು ಎನ್‌ಸಿಇಆರ್‌ಟಿ ಮೂಲದವು. ಸಮಾಜ ವಿಜ್ಞಾನ ಮಾತ್ರ ರಾಜ್ಯದ ಸ್ವಂತ ಪುಸ್ತಕ. ಕಳೆದೊಂದು ದಶಕದಲ್ಲಿ ಅದು ಸಮಿತಿಯಿಂದ ಸಮಿತಿಗೆ, ಸರ್ಕಾರದಿಂದ ಸರ್ಕಾರಕ್ಕೆ ಹಲವು ಬಾರಿ ಪರಿಷ್ಕರಣೆಗೊಂಡಿದೆ. 2017ರಲ್ಲಿ, 2022ರಲ್ಲಿ, ಮತ್ತೆ 2023ರಲ್ಲಿ ಪಾಠಗಳು ಬಂದವು, ಹೋದವು. ಪ್ರತಿ ಸಲವೂ ಜಗಳ ನಡೆದದ್ದು ಯಾವ ಪಾಠ ಇರಬೇಕು, ಯಾರ ಹೆಸರು ಇರಬೇಕು ಎಂಬುದರ ಮೇಲೆ. ಆ ಪಾಠ ಓದಿದ ಮಗುವಿಗೆ ಏನು ಮಾಡಲು ಬರಬೇಕು ಎಂಬ ಪ್ರಶ್ನೆ ಆ ಗದ್ದಲದಲ್ಲಿ ಮೇಲೆ ಬರಲೇ ಇಲ್ಲ. 2023ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನಲ್ಲಿ ಸಾಮರ್ಥ್ಯಗಳ ಪಟ್ಟಿಯಿದೆ ನಿಜ. ಅದು ಬೇರೆ ಪುಸ್ತಕಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು, ನಮ್ಮ ಪಾಠಗಳ ಮೇಲೆ ಹಾಗೆಯೇ ಹೊದಿಸಿದರೆ ಹೊಂದುವುದಿಲ್ಲ. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಸಲ್ಲಿಸಿದೆ. ಅದರಿಂದ ಹೊಸ ಪಠ್ಯಕ್ರಮ ಬರುವವರೆಗೆ ಈ ಕಾಲಂ ತುಂಬುವ ಹೊಣೆ ಶಾಲೆಯ ಮಟ್ಟದಲ್ಲೇ ಉಳಿಯುತ್ತದೆ.

ಒಂದು ಪಾಠವನ್ನು ಹತ್ತಿರದಿಂದ ನೋಡಿದರೆ

ಇತಿಹಾಸದ ‘ಬ್ರಿಟಿಷ್ ಆಳ್ವಿಕೆಯ ಪರಿಣಾಮಗಳು’ ಪಾಠದಲ್ಲಿ ಭೂಕಂದಾಯ ಪದ್ಧತಿಗಳ ವಿಷಯ ಬರುತ್ತದೆ. ಕಾರ್ನ್‌ವಾಲಿಸ್ 1793ರಲ್ಲಿ ಬಂಗಾಳದಲ್ಲಿ ತಂದ ಖಾಯಂ ಜಮೀನ್ದಾರಿ ಪದ್ಧತಿ, ಉತ್ತರ ಭಾರತದ ಮಹಲ್ವಾರಿ ಪದ್ಧತಿ, ಅಲೆಕ್ಸಾಂಡರ್ ರೀಡ್ ಬಾರಾಮಹಲ್ ಪ್ರಾಂತದಲ್ಲಿ ಆರಂಭಿಸಿ ಥಾಮಸ್ ಮನ್ರೋ ಮುಂದೆ ವಿಸ್ತರಿಸಿದ ರೈತವಾರಿ ಪದ್ಧತಿ. ಸಾಮಾನ್ಯವಾಗಿ ನಡೆಯುವುದು ಹೀಗೆ: ಎರಡು ಪೀರಿಯಡ್‌ನಲ್ಲಿ ಮೂರೂ ಪದ್ಧತಿಗಳ ಟಿಪ್ಪಣಿ. ರೂಪಣಾತ್ಮಕ ಚಟುವಟಿಕೆಯಾಗಿ ಮೂರನ್ನೂ ಮೂರು ಬಣ್ಣದಲ್ಲಿ ಬರೆದ ಒಂದು ಚಾರ್ಟ್. ಪಾಠ ಪರೀಕ್ಷೆಯಲ್ಲಿ ‘ಖಾಯಂ ಜಮೀನ್ದಾರಿ ಪದ್ಧತಿಯನ್ನು ಜಾರಿಗೆ ತಂದವರು ಯಾರು?’, ‘ರೈತವಾರಿ ಪದ್ಧತಿಯ ಪರಿಣಾಮಗಳನ್ನು ತಿಳಿಸಿ’.

ಈಗ ಇದನ್ನು ನಕ್ಷೆಯಲ್ಲಿ ಇಡೋಣ. ಸಾಮರ್ಥ್ಯದ ಕಾಲಂನಲ್ಲಿ ಬರೆಯಬೇಕಾದ್ದು: ‘ಕಂದಾಯದ ನಿಯಮ ಬದಲಾದರೆ ನಷ್ಟದ ಹೊರೆ ಯಾರ ಮೇಲೆ ಬೀಳುತ್ತದೆ ಎಂದು ಎರಡು ಪದ್ಧತಿಗಳನ್ನು ಹೋಲಿಸಿ ಹೇಳುವುದು’. ಅದರ ಎದುರು ಪ್ರಶ್ನೆಗಳನ್ನು ಹಚ್ಚಿದರೆ, ಮೊದಲನೆಯ ಪ್ರಶ್ನೆ ಹೆಸರಿನ ನೆನಪನ್ನು ಅಳೆಯುತ್ತದೆ. ಎರಡನೆಯದು ಪುಸ್ತಕದಲ್ಲಿ ಪಟ್ಟಿಯಾಗಿಯೇ ಇರುವುದರಿಂದ ಅದೂ ನೆನಪೇ. ಚಾರ್ಟ್ ಅಳೆಯುವುದು ಕೈಬರಹವನ್ನು. ಮೂರು ಸಲ ಅಳತೆ ನಡೆಯಿತು, ಸಾಮರ್ಥ್ಯದ ಕೋಣೆ ಖಾಲಿಯೇ ಉಳಿಯಿತು.

ತುಂಬಬೇಕಾದರೆ ಪ್ರಶ್ನೆಯನ್ನು ಹೀಗೆ ಕಟ್ಟಬಹುದು. ‘ಬಂಗಾಳದಲ್ಲಿ ಜಮೀನ್ದಾರನ ಕೆಳಗೆ ಉಳುವ ಗೇಣಿದಾರ ಒಬ್ಬ. ರೈತವಾರಿ ಪ್ರದೇಶದಲ್ಲಿ ಸ್ವಂತ ಹೊಲ ಉಳುವ ರೈತ ಇನ್ನೊಬ್ಬ. ಮಳೆ ಕೈಕೊಟ್ಟು ಇಬ್ಬರ ಬೆಳೆಯೂ ಅರ್ಧಕ್ಕೆ ಇಳಿಯಿತು. ಕಂದಾಯ ಇಳಿಯಲಿಲ್ಲ. ಇಬ್ಬರೂ ಯಾರ ಬಳಿ ಹೋಗಿ ನಿಲ್ಲಬೇಕಾಗುತ್ತದೆ? ಯಾರು ಏನನ್ನು ಕಳೆದುಕೊಳ್ಳಬಹುದು? ಕಾರಣ ಕೊಡಿ.’ ಇದಕ್ಕೆ ಪುಸ್ತಕದಲ್ಲಿ ಸಿದ್ಧ ಉತ್ತರವಿಲ್ಲ, ಆದರೆ ಉತ್ತರಕ್ಕೆ ಬೇಕಾದ ಸಾಮಗ್ರಿಯೆಲ್ಲ ಪಾಠದಲ್ಲಿದೆ. ಜಮೀನ್ದಾರ ಗೊತ್ತುಪಡಿಸಿದ ದಿನದ ಸೂರ್ಯಾಸ್ತದೊಳಗೆ ಸರ್ಕಾರಕ್ಕೆ ಹಣ ಕಟ್ಟದಿದ್ದರೆ ಜಮೀನ್ದಾರಿಯೇ ಹರಾಜಾಗುತ್ತಿತ್ತು, ಆದ್ದರಿಂದ ಅವನು ಗೇಣಿದಾರನನ್ನು ಹಿಂಡುತ್ತಿದ್ದ ಎಂಬುದನ್ನು ತಿಳಿದ ಮಗು ಒಂದು ಕೊಂಡಿ ಹಾಕುತ್ತದೆ. ರೈತವಾರಿಯಲ್ಲಿ ನಡುವೆ ಜಮೀನ್ದಾರನಿಲ್ಲ, ಸರ್ಕಾರವೇ ನೇರ ಎದುರಾಳಿ, ಹಣಕ್ಕೆ ಸಾಹುಕಾರನೇ ಗತಿ, ಕೊನೆಗೆ ಅಡವಿಟ್ಟ ಹೊಲವೇ ಹೋಗುತ್ತದೆ ಎಂಬುದು ಇನ್ನೊಂದು ಕೊಂಡಿ.

ಮೂರು ಅಂಕಗಳ ಈ ಒಂದು ಪ್ರಶ್ನೆಯ ಉತ್ತರಗಳನ್ನು ತಿದ್ದುವಾಗಲೇ ರೋಗ ಎಲ್ಲಿದೆ ಎಂದು ಕಾಣುತ್ತದೆ. ನಲವತ್ತು ಮಕ್ಕಳ ತರಗತಿಯಲ್ಲಿ ಹೆಚ್ಚಿನವರು ‘ಇಬ್ಬರಿಗೂ ಕಷ್ಟವಾಯಿತು’ ಎಂದು ನಿಲ್ಲಿಸಿದ್ದರೆ, ಅವರಿಗೆ ಎರಡು ಪದ್ಧತಿಗಳ ವ್ಯತ್ಯಾಸವೇ ಹಿಡಿದಿಲ್ಲ. ‘ಜಮೀನ್ದಾರನ ಬಳಿ, ಸರ್ಕಾರದ ಬಳಿ’ ಎಂದು ಬರೆದು ಕಾರಣ ಬಿಟ್ಟಿದ್ದರೆ, ವಿಷಯ ಗೊತ್ತು, ಕಾರಣ–ಪರಿಣಾಮ ಕಟ್ಟಲು ಬರುವುದಿಲ್ಲ. ಮೊದಲ ಗುಂಪಿಗೆ ಪಾಠವನ್ನೇ ಮತ್ತೆ ಹೇಳಬೇಕು. ಎರಡನೇ ಗುಂಪಿಗೆ ‘ಏಕೆಂದರೆ’ ಎಂದು ವಾಕ್ಯ ಮುಂದುವರಿಸುವ ಅಭ್ಯಾಸ ಬೇಕು. ‘ಹತ್ತಕ್ಕೆ ನಾಲ್ಕು’ ಎಂದು ತಂತ್ರಾಂಶಕ್ಕೆ ಏರಿಸಿದ ಅಂಕ ಈ ಎರಡು ಗುಂಪುಗಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ, ಎರಡಕ್ಕೂ ಒಂದೇ ಪರಿಹಾರ ಬೋಧನೆ ಸಿಗುತ್ತದೆ.

ಪಾಠಕ್ಕೆ ಬದಲು ಪಾಠಗುಚ್ಛ

ಕಂದಾಯದ ಈ ವಿಷಯ ಇತಿಹಾಸಕ್ಕೇ ಮುಗಿಯುವುದಿಲ್ಲ. ಮುಂದಿನ ಪಾಠದಲ್ಲಿ ಕರ್ನಾಟಕದಲ್ಲಿ ಬ್ರಿಟಿಷರಿಗೆ ಎದುರಾದ ಪ್ರತಿರೋಧ ಬರುತ್ತದೆ. ಅರ್ಥಶಾಸ್ತ್ರದಲ್ಲಿ ಗ್ರಾಮೀಣ ಅಭಿವೃದ್ಧಿ, ಭೂಗೋಳದಲ್ಲಿ ಭೂಬಳಕೆ ಮತ್ತು ಕೃಷಿ ಇವೆ. ಪುಸ್ತಕದ ಕ್ರಮದಲ್ಲೇ ಹೋದರೆ, ಭೂಕಂದಾಯ ಓದಿದ ಮಗು ಕೃಷಿಯ ಪಾಠಕ್ಕೆ ಬರುವಷ್ಟರಲ್ಲಿ ತಿಂಗಳುಗಳೇ ಕಳೆದಿರುತ್ತವೆ. ಸಾಲದ ಸುಳಿ, ಹಿಡುವಳಿ ಚೂರಾಗುವುದು, ವಾಣಿಜ್ಯ ಬೆಳೆಗೆ ತಿರುಗುವುದು, ಇವೆಲ್ಲ ಒಂದೇ ಕತೆಯ ತುಂಡುಗಳು ಎಂದು ಅದಕ್ಕೆ ಯಾರೂ ತೋರಿಸಿರುವುದಿಲ್ಲ.

ನಕ್ಷೆ ಇದ್ದರೆ ಇಂಥ ಪಾಠಗಳು ಒಂದೇ ಸಾಮರ್ಥ್ಯದ ಎದುರು ಗುಂಪಾಗಿ ಕಾಣುತ್ತವೆ. ಆಗ ಪ್ರತಿ ಪಾಠಕ್ಕೆ ಬದಲು ಪ್ರತಿ ಗುಚ್ಛಕ್ಕೆ ಒಂದು ಪರೀಕ್ಷೆ ಇಡಬಹುದು. ಮೂವತ್ತು ಪಾಠಗಳನ್ನು ಮೂರ್ನಾಲ್ಕು ಪಾಠಗಳ ಒಂಬತ್ತು ಗುಚ್ಛಗಳಾಗಿ ಕಟ್ಟಿದರೆ, ಪರೀಕ್ಷೆಗೆ ಒಂದು ಮತ್ತು ಉತ್ತರದ ಚರ್ಚೆಗೆ ಪೂರ್ತಿ ಒಂದು ಪೀರಿಯಡ್ ಕೊಟ್ಟರೂ ಹದಿನೆಂಟು ಸಾಕು. ಪಾಠಕ್ಕೊಂದು ಪರೀಕ್ಷೆಯ ಲೆಕ್ಕದಲ್ಲಿ 45 ಹೋಗುತ್ತಿದ್ದವು. ಉಳಿದ 27 ಪೀರಿಯಡ್ ಎಂದರೆ ಆರೇಳು ಪಾಠಗಳನ್ನು ಸಾವಧಾನವಾಗಿ ಮಾಡುವಷ್ಟು ಸಮಯ. ಪ್ರತಿ ಪಾಠದ ಕೊನೆಗೆ ಐದು ನಿಮಿಷದ ಮೌಖಿಕ ಪ್ರಶ್ನೆ ಹೇಗೂ ಇದ್ದೇ ಇರುತ್ತದೆ. ಅದಕ್ಕೆ ಅಂಕವೂ ಬೇಡ, ದಾಖಲೆಯೂ ಬೇಡ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪಾಠಗಳ ಕ್ರಮವನ್ನು ಒಂದು ಅವಧಿಯ ಒಳಗೆ ಹಿಂದುಮುಂದು ಮಾಡಬಹುದು, ಅವಧಿಯನ್ನು ದಾಟಿಸಬಾರದು. ಅರ್ಧವಾರ್ಷಿಕ ಪರೀಕ್ಷೆಯ ಪ್ರಶ್ನೆಪತ್ರಿಕೆ ಹಲವು ಶಾಲೆಗಳಿಗೆ ಸಾಮಾನ್ಯವಾಗಿ ಬರುವುದರಿಂದ, ಮೊದಲ ಭಾಗದ ಪಾಠವನ್ನು ನವೆಂಬರ್‌ಗೆ ಸರಿಸಿದ ಶಾಲೆಯ ಮಕ್ಕಳು ಸೆಪ್ಟೆಂಬರ್‌ನಲ್ಲಿ ಸಿಕ್ಕಿಬೀಳುತ್ತಾರೆ. ಎರಡನೇ ಭಾಗದಲ್ಲಿರುವ ಪಾಠವನ್ನು ಗುಚ್ಛಕ್ಕೆ ಸೇರಿಸಲು ಪಾಠವನ್ನು ಎಳೆದು ತರಬೇಕಿಲ್ಲ. ಆ ಪಾಠ ಬಂದಾಗ ಜುಲೈನ ಅದೇ ಗೇಣಿದಾರ ಮತ್ತು ರೈತನ ಪ್ರಶ್ನೆಯನ್ನು ಮತ್ತೆ ಎತ್ತಿದರಾಯಿತು. ಜುಲೈನಲ್ಲಿ ಉತ್ತರ ಬಿಟ್ಟ ಮಗು ನವೆಂಬರ್‌ನಲ್ಲಿ ಬರೆದರೆ, ಕಲಿಕೆ ನಡೆದದ್ದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಐದು ಅಂಕಗಳ ಭಾರತ

ಅವಧಿಗಳ ಉದ್ದಕ್ಕೂ ಹಬ್ಬಬೇಕಾದ ಸಾಮರ್ಥ್ಯಕ್ಕೆ ನೇರ ಉದಾಹರಣೆ ಭಾರತದ ನಕ್ಷೆ. ಮಂಡಳಿಯ ಪ್ರಶ್ನೆಪತ್ರಿಕೆಯಲ್ಲಿ ಒಟ್ಟು 38 ಪ್ರಶ್ನೆಗಳಿರುತ್ತವೆ: ಬಹು ಆಯ್ಕೆಯ 8, ಒಂದು ಅಂಕದ 8, ಎರಡು ಅಂಕದ 8, ಮೂರು ಅಂಕದ 9, ನಾಲ್ಕು ಅಂಕದ 4. ಕೊನೆಯದು ಐದು ಅಂಕಗಳ ನಕ್ಷೆ. ಭಾರತದ ನಕ್ಷೆ ಬರೆದು, ಕೇಳಿದ ಸ್ಥಳಗಳಲ್ಲಿ ನಾಲ್ಕನ್ನು ಗುರುತಿಸಬೇಕು.

ಇದನ್ನು ಅನೇಕ ಕಡೆ ಜನವರಿ–ಫೆಬ್ರುವರಿಯಲ್ಲಿ ಕಸರತ್ತಿನಂತೆ ಮಾಡಿಸುತ್ತಾರೆ. ದಿನಕ್ಕೊಂದು ನಕ್ಷೆ, ದಿನಕ್ಕೆ ಐದು ಸ್ಥಳ. ಐದು ಅಂಕ ಬರುತ್ತದೆ, ಸುಳ್ಳಲ್ಲ. ಆದರೆ 82°30′ ಪೂರ್ವ ರೇಖಾಂಶವನ್ನು ತಪ್ಪಿಲ್ಲದೆ ಎಳೆಯುವ ಮಗುವಿಗೆ ಅದು ಏಕೆ ಬೇಕು ಎಂದು ಕೇಳಿದರೆ ಉತ್ತರವಿರುವುದಿಲ್ಲ. ಜೂನ್‌ನಲ್ಲಿ ಭಾರತದ ಸ್ಥಾನದ ಪಾಠ ನಡೆಯುವಾಗಲೇ, ಅರುಣಾಚಲದಲ್ಲಿ ಸೂರ್ಯ ಹುಟ್ಟಿದಾಗ ಗುಜರಾತಿನ ಪಶ್ಚಿಮ ಅಂಚಿನಲ್ಲಿ ಇನ್ನೂ ಕತ್ತಲು, ಇಡೀ ದೇಶಕ್ಕೆ ಒಂದೇ ಗಡಿಯಾರ ಬೇಕಾದ್ದರಿಂದ ನಡುವೆ ಒಂದು ಗೆರೆ ಹಿಡಿದರು ಎಂದು ಅದೇ ಬರಿ ನಕ್ಷೆಯ ಮೇಲೆ ತೋರಿಸಿದರೆ ಗೆರೆಗೆ ಅರ್ಥ ಬರುತ್ತದೆ. ಜುಲೈನಲ್ಲಿ ಅದೇ ನಕ್ಷೆಯ ಮೇಲೆ ಯುರೋಪಿಯನ್ನರ ವ್ಯಾಪಾರ ಕೋಠಿಗಳನ್ನು ಗುರುತಿಸಬಹುದು. ಮುಂದೆ 1857ರ ಮೀರತ್, ಕಾನ್ಪುರ, ಝಾನ್ಸಿ ಬರುತ್ತವೆ. ಡಿಸೆಂಬರ್‌ನಲ್ಲಿ ಬಂದರುಗಳನ್ನು ಹಚ್ಚುವಾಗ, ಆ ಹಳೆಯ ಕೋಠಿಗಳಲ್ಲಿ ಎಷ್ಟೋ ಕಡಲ ತೀರದಲ್ಲೇ ಇದ್ದವಲ್ಲ ಎಂದು ಮಗುವೇ ಹೇಳುವ ಸಾಧ್ಯತೆ ಹುಟ್ಟುತ್ತದೆ. ಹೆಚ್ಚುವರಿ ಪೀರಿಯಡ್ ಒಂದೂ ಬೇಕಾಗಲಿಲ್ಲ.

ನಕ್ಷೆಯೂ ಕೆಡುವ ಬಗೆ

ಪಠ್ಯಕ್ರಮ ನಕ್ಷೆ ಎಂಬ ಈ ಉಪಕರಣ ಕೆಡುವುದು ಬಹಳ ಸುಲಭ. ಮೊದಲನೆಯದಾಗಿ, ಇಲಾಖೆ ಇದನ್ನು ಕೈಗೆತ್ತಿಕೊಂಡು ನಮೂನೆಯಾಗಿ ಮುದ್ರಿಸಿ, ಜೂನ್ 15ರೊಳಗೆ ಭರ್ತಿ ಮಾಡಿ ಸಲ್ಲಿಸಿ ಎಂದರೆ ಅಲ್ಲಿಗೆ ಮುಗಿಯಿತು. ಒಂದು ಶಾಲೆ ತುಂಬಿದ್ದನ್ನು ಉಳಿದವು ನಕಲು ಮಾಡುತ್ತವೆ, ಪಾಠ ಯೋಜನೆಯ ಕಡತದ ಪಕ್ಕದಲ್ಲಿ ಇನ್ನೊಂದು ಕಡತ ಕೂರುತ್ತದೆ. ಜೂನ್‌ನಲ್ಲಿ ಬರೆದದ್ದು ಬರೀ ಉದ್ದೇಶ. ನಡೆದದ್ದನ್ನು ತಿಂಗಳ ಕೊನೆಯಲ್ಲಿ ಬೇರೆ ಬಣ್ಣದ ಶಾಯಿಯಲ್ಲಿ ಗುರುತು ಹಾಕದಿದ್ದರೆ ನಕ್ಷೆಗೆ ಜೀವವಿಲ್ಲ. ಇಡೀ ವರ್ಷದಲ್ಲಿ ಒಂದೂ ತಿದ್ದುಪಡಿಯಿಲ್ಲದ ನಕ್ಷೆ ಕಂಡರೆ ಅದನ್ನು ಯಾರೂ ಬಳಸಿಲ್ಲ ಎಂದೇ ತಿಳಿಯಬೇಕು.

ಎರಡನೆಯ ತೊಂದರೆ ಸಾಮರ್ಥ್ಯಗಳ ಸಂಖ್ಯೆಯದು. ಪ್ರತಿ ಪಾಠಕ್ಕೆ ಎಂಟು ಹತ್ತು ಕಲಿಕಾ ಫಲಗಳನ್ನು ಬರೆಯುವ ರೂಢಿ ನಮ್ಮಲ್ಲಿದೆ. ಮೂವತ್ತು ಪಾಠಕ್ಕೆ ಮುನ್ನೂರು ಆಯಿತು. ಮುನ್ನೂರನ್ನು ಯಾರೂ ಕಲಿಸಲಾರರು, ಅಳೆಯಲಾರರು. ವರ್ಷಕ್ಕೆ ಏಳೆಂಟು ಸಾಮರ್ಥ್ಯಗಳನ್ನು ಆರಿಸಿ, ಒಂದೊಂದನ್ನೂ ಮೂರು ನಾಲ್ಕು ಸಲ ಬೇರೆ ಬೇರೆ ಪಾಠಗಳಲ್ಲಿ ತಾಗಿಸುವುದು ಕಾರ್ಯಸಾಧ್ಯ.

ಮೂರನೆಯದು ಶಾಲೆಯ ಕೈಮೀರಿದ್ದು. ಮಂಡಳಿಯ ಪ್ರಶ್ನೆಪತ್ರಿಕೆಯಲ್ಲಿ ಬಹುಪಾಲು ಅಂಕ ನೆನಪಿಗೇ ಸಿಗುವಂತಿದ್ದರೆ, ಗೇಣಿದಾರನ ಪ್ರಶ್ನೆಯನ್ನು ಕೇಳಿದ ಶಿಕ್ಷಕರಿಗೆ ಪೋಷಕರಿಂದಲೇ ಆಕ್ಷೇಪ ಬರಬಹುದು: ‘ಪರೀಕ್ಷೆಗೆ ಬಾರದ್ದನ್ನು ಏಕೆ ಕೇಳುತ್ತೀರಿ?’ ಮೂರು ಅಂಕದ ಒಂಬತ್ತು ಪ್ರಶ್ನೆಗಳಲ್ಲಿ ಮೂರನ್ನಾದರೂ ಪುಸ್ತಕದಲ್ಲಿ ಸಿದ್ಧ ಉತ್ತರವಿಲ್ಲದಂತೆ ಕೇಳುವುದಾಗಿ ಮಂಡಳಿ ಮೊದಲೇ ಪ್ರಕಟಿಸಿದರೆ ಈ ಆಕ್ಷೇಪ ಬಹುಮಟ್ಟಿಗೆ ಕರಗುತ್ತದೆ. ಬರೀ ಒಂಬತ್ತು ಅಂಕಗಳ ಬದಲಾವಣೆಯಿದು, ಆದರೆ ಜೂನ್‌ನಿಂದಲೇ ತರಗತಿಯ ದಿಕ್ಕು ಬದಲಾಗುತ್ತದೆ.

ಶೇ 33 ಬಂದ ಮೇಲೆ

ಹೊಸ ಉತ್ತೀರ್ಣತೆಯ ನಿಯಮ ಈ ಚರ್ಚೆಯನ್ನು ಇನ್ನಷ್ಟು ತುರ್ತಾಗಿಸಿದೆ. 625ಕ್ಕೆ ಒಟ್ಟು 206 ಅಂಕ ಬೇಕು. ಪ್ರತಿ ವಿಷಯದಲ್ಲಿ ಆಂತರಿಕ ಮತ್ತು ಲಿಖಿತ ಎರಡೂ ಸೇರಿ ಕನಿಷ್ಠ ಶೇ 30 ಬೇಕು. ಸಮಾಜ ವಿಜ್ಞಾನದಲ್ಲಿ ಆಂತರಿಕ ಅಂಕಗಳೇ 20. ಆ 20ರಲ್ಲಿ ಪೂರ್ತಿ ಅಂಕ ಪಡೆದ ಮಗು ಕನಿಷ್ಠ ಗೆರೆಯ ಮೂರನೇ ಎರಡು ಭಾಗವನ್ನು ಮಾರ್ಚ್‌ಗೆ ಮೊದಲೇ ದಾಟಿರುತ್ತದೆ. ಆಂತರಿಕ ಅಂಕದ ತೂಕ ಹಿಂದೆಂದಿಗಿಂತ ಹೆಚ್ಚಾಗಿದೆ ಎಂದರ್ಥ.

ಆ ಅಂಕ ಬಣ್ಣದ ಚಾರ್ಟ್‌ಗೆ ಸಿಕ್ಕಿದ್ದೋ, ಗೇಣಿದಾರನ ಪ್ರಶ್ನೆಗೆ ಸಿಕ್ಕಿದ್ದೋ ಎಂಬುದರ ಮೇಲೆ ಆ ಉತ್ತೀರ್ಣತೆಯ ಬೆಲೆ ನಿಂತಿದೆ. ಚಾರ್ಟ್‌ಗೇ ಸಿಗುತ್ತಾ ಹೋದರೆ ಫಲಿತಾಂಶ ಏರುತ್ತದೆ, ಕಾಲೇಜಿನ ಮೊದಲ ವರ್ಷದ ಇತಿಹಾಸ, ಅರ್ಥಶಾಸ್ತ್ರದ ತರಗತಿಗಳಲ್ಲಿ ಅದೇ ಮಕ್ಕಳು ಒಂದು ಪುಟ ಸ್ವಂತವಾಗಿ ಬರೆಯಲಾರದೆ ಕೂರುತ್ತಾರೆ. ಸರ್ಕಾರಿ ಶಾಲೆಯಿಂದ ಹೋದವರಿಗೆ ಮನೆಪಾಠದ ಆಸರೆ ಕಡಿಮೆ, ಪೆಟ್ಟು ಹೆಚ್ಚಾಗಿ ಬೀಳುವುದು ಅವರಿಗೇ.

ಇಲಾಖೆ ಒಂದು ತಿದ್ದುಪಡಿ ಮಾಡಿದರೆ ಸಾಕು, ದಾರಿ ತೆರೆಯುತ್ತದೆ. ಪಾಠ ಆಧಾರಿತ ಮೌಲ್ಯಾಂಕನದಲ್ಲಿ ಸಮಾಜ ವಿಜ್ಞಾನಕ್ಕೆ ಪಾಠದ ಬದಲು ಗುಚ್ಛವನ್ನು ಘಟಕವೆಂದು ಒಪ್ಪಬೇಕು, ಆ ಗುಚ್ಛದ ಪರೀಕ್ಷೆಯನ್ನೇ ರೂಪಣಾತ್ಮಕ ಮೌಲ್ಯಮಾಪನದ ಕಿರುಪರೀಕ್ಷೆಯಾಗಿಯೂ ಲೆಕ್ಕಕ್ಕೆ ಹಿಡಿಯಬೇಕು. ಒಂದೇ ಉತ್ತರ ಪತ್ರಿಕೆ, ಒಂದೇ ತಿದ್ದುವಿಕೆ, ಒಂದೇ ದಾಖಲೆ. ಗುಚ್ಛಗಳನ್ನು ಕಟ್ಟುವ ಕೆಲಸವನ್ನು ಜೂನ್‌ನ ಮೊದಲ ವಾರದಲ್ಲಿ ತಾಲ್ಲೂಕು ಮಟ್ಟದ ಸಮಾಜ ವಿಜ್ಞಾನ ಶಿಕ್ಷಕರು ಒಂದು ದಿನ ಕೂತು ಮಾಡಬಹುದು. ಎರಡು ಭಾಗಗಳ ಪುಸ್ತಕ, ಹಿಂದಿನ ಮೂರು ವರ್ಷಗಳ ಮಂಡಳಿ ಪ್ರಶ್ನೆಪತ್ರಿಕೆ, ಒಂದು ದೊಡ್ಡ ಹಾಳೆ ಮತ್ತು ಎರಡು ಬಣ್ಣದ ಪೆನ್ನು ಅವರ ಮೇಜಿನ ಮೇಲಿದ್ದರೆ ಸಂಜೆಯೊಳಗೆ ಮೊದಲ ಅವಧಿಯ ಕೋಣೆಗಳು ತುಂಬುತ್ತವೆ. ಎರಡನೇ ಅವಧಿಯದನ್ನು ಅರ್ಧವಾರ್ಷಿಕ ಪರೀಕ್ಷೆಯ ಉತ್ತರ ಪತ್ರಿಕೆಗಳು ಕೈಗೆ ಬಂದ ಮೇಲೆ ಬರೆಯುವುದು ಒಳ್ಳೆಯದು.